ಮೂರನೇ ದಿನದ ಸಾರು ಮತ್ತು ಮಗಳ ಕಾಗದ

ಒಬ್ಬಟ್ಟಿನ ಸಾರು ಯುಗಾದಿಯ ದಿನಕ್ಕಿಂತ ಮರುದಿನವೇ ರುಚಿ ಎಂಬುದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಯಾರೂ ವಾದಿಸದ ವಿಷಯ. ಆ ಮರುದಿನವೇ ಹೊಸತೊಡಕು. ಒಬ್ಬಟ್ಟಿನ ಸಾರಿನ ಪಕ್ಕದಲ್ಲಿ ಬಾಡಿನ ಸಾರೂ ಒಲೆ ಏರುತ್ತದೆ. ಸಂಜೆಗೆ ಮಕ್ಕಳು ಮೊಮ್ಮಕ್ಕಳು ಮೈಸೂರು, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಉಳಿಯುವುದು ಎರಡು ಪಾತ್ರೆ ಸಾರು, ಅರ್ಧ ತಪ್ಪಲೆ ಅನ್ನ, ಜೊತೆಗೆ ಎಪ್ಪತ್ತು ದಾಟಿದ ಒಬ್ಬ ಹಿರಿಯ.

ಮೂರು ದಿನ ಕಳೆದು ವಿಡಿಯೊ ಕರೆ ಮಾಡಿದ ಹೊರದೇಶದ ಮಗಳಿಗೆ ಅಪ್ಪನ ಬೆನ್ನ ಹಿಂದೆ ಅದೇ ಪಾತ್ರೆ ಕಾಣುತ್ತದೆ. ಕೇಳಿದರೆ ಬರುವ ಉತ್ತರ ಒಂದೇ: 'ದಿನಾ ಕುದಿಸಿ ಮಡಗಿವ್ನಿ ಕಣವ್ವ, ಏನೂ ಆಗಾಕಿಲ್ಲ.' ಫೋನಿನಲ್ಲಿ ಈ ಮಾತಿಗೆ ಎದುರು ಮಾತು ಬೆಳೆದರೆ ಜಗಳವಾಗುತ್ತದೆ, ಬೆಳೆಯದಿದ್ದರೆ ಪಾತ್ರೆ ನಾಲ್ಕನೇ ದಿನಕ್ಕೂ ಉಳಿಯುತ್ತದೆ. ಹಾಗಾಗಿ ಕೆಲವರು ಕೂತು ಕಾಗದ ಬರೆಯುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದರೂ ಅದು ಕಾಗದವೇ, ಏಕೆಂದರೆ ಅಪ್ಪ ಅದನ್ನು ಒಬ್ಬರೇ, ನಿಧಾನವಾಗಿ, ಎರಡು ಸಲ ಓದಬಹುದು.

ಅಪ್ಪನ ಉತ್ತರದಲ್ಲಿ ಅರ್ಧ ನಿಜವಿದೆ. ಕಾಗದದ ಕೆಲಸ ಆ ಅರ್ಧವನ್ನು ಒಪ್ಪಿಕೊಂಡು ಉಳಿದರ್ಧವನ್ನು ತಿಳಿಸುವುದು.

ತಂಗಳುಂಡು ಬೆಳೆದವರು

ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ತೆರನಾದುದಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ಬಹುಭಾಗಕ್ಕೆ ಕಾವೇರಿಯ ನಾಲೆಗಳ ನೀರುಂಟು. ಅಲ್ಲಿ ಭತ್ತ, ಕಬ್ಬು. ನಾಗಮಂಗಲದ ಕಡೆ ರಾಗಿ, ಹುರುಳಿ, ಅವರೆಯ ಬೆದ್ದಲು. ಕೆ.ಆರ್. ಪೇಟೆಯಲ್ಲಿ ಎರಡೂ ಉಂಟು, ಹೇಮಾವತಿ ನಾಲೆ ಹರಿದಲ್ಲಿ ಒಂದು, ಹರಿಯದಲ್ಲಿ ಇನ್ನೊಂದು. ಆದರೆ ಬೆಳಗಿನ ತಂಗಳು ಎಲ್ಲ ಕಡೆಯೂ ಇತ್ತು. ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋದವರೇ ಇಂದು ಎಪ್ಪತ್ತು, ಎಂಬತ್ತರಲ್ಲಿರುವವರು. 1965–66ರ ಬರಗಾಲದಲ್ಲಿ ಅವರು ಹುಡುಗರಾಗಿದ್ದರು. ಅನ್ನ ಚೆಲ್ಲುವುದು ಅವರ ಮಟ್ಟಿಗೆ ಬರೀ ತಪ್ಪಲ್ಲ, ಪಾಪವೇ. ಇದನ್ನು ಜಿಪುಣತನ ಎಂದು ಕರೆಯುವ ಕಾಗದ ಮೊದಲ ಸಾಲಿನಲ್ಲೇ ಸೋಲುತ್ತದೆ.

ಆ ತಂಗಳಿಗೂ ಇಂದಿನ ಮೂರನೇ ದಿನದ ಸಾರಿಗೂ ಎರಡು ವ್ಯತ್ಯಾಸಗಳಿವೆ. ಮೊದಲನೆಯದು ಹುಳಿ. ಮಜ್ಜಿಗೆಯಲ್ಲಿ, ಹುಳಿ ಬರಿಸಿದ ಅಂಬಲಿಯಲ್ಲಿ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಬೆಳೆದಿರುತ್ತವೆ. ಹುಳಿ ಸಾಕಷ್ಟು ಏರಿದ ಮೇಲೆ ಕಾಯಿಲೆ ತರುವ ಬಹುತೇಕ ಜೀವಿಗಳು ಅಲ್ಲಿ ಬೆಳೆಯಲಾರವು. ಹುಳಿ ಬಂದದ್ದು ಬೇರೆ, ಹಳಸಿದ್ದು ಬೇರೆ ಎಂಬುದು ಹಳ್ಳಿಯ ಅಡುಗೆಮನೆಗೆ ಹಿಂದಿನಿಂದಲೂ ಗೊತ್ತು. ಒಬ್ಬಟ್ಟಿನ ಸಾರಿನಲ್ಲೂ ಹುಣಸೆಹಣ್ಣಿದೆ, ಆದರೆ ಬೇಳೆಯ ಕಟ್ಟು, ಬೆಲ್ಲ, ತೆಂಗಿನಕಾಯಿ ಸೇರಿದ ಸಾರಿಗೆ ಆ ಹುಳಿ ಕಾವಲಾಗುವಷ್ಟಿರುತ್ತದೆ ಎಂದು ನಂಬುವಂತಿಲ್ಲ. ಬಾಡಿನ ಸಾರು, ಬಸ್ಸಾರಿನಲ್ಲಿ ಹುಳಿ ಇನ್ನೂ ಕಡಿಮೆ.

ಎರಡನೆಯದು ಬಾಯಿಗಳ ಲೆಕ್ಕ. ಹತ್ತು ಜನರ ಮನೆಯಲ್ಲಿ ಬಸ್ಸಾರಿನ ಪಾತ್ರೆ ರಾತ್ರಿಗೇ ತಳ ಕಾಣುತ್ತಿತ್ತು. ಉಳಿದರೆ ಒಂದು ಬೆಳಗಿಗೆ. ಈಗ ಉಣ್ಣುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಪಾತ್ರೆ ಮಾತ್ರ ಹಳೆಯದೇ, ಕೈಯ ಅಂದಾಜೂ ಹಳೆಯದೇ. 'ನಾವು ಚಿಕ್ಕಂದಿನಿಂದ ತಂಗ್ಳು ತಿಂದೋರು' ಎಂಬ ಮಾತು ನಿಜ. ಆದರೆ ಅವರು ಚಿಕ್ಕಂದಿನಲ್ಲಿ ತಿಂದದ್ದು ಒಂದು ರಾತ್ರಿಯ ತಂಗಳು, ಮೂರು ಹಗಲು ಮೂರು ರಾತ್ರಿಯದಲ್ಲ.

ಕುದಿಸಿದರೆ ಸಾಯುವುದು, ಸಾಯದಿರುವುದು

ಅಕ್ಕಿ ಗದ್ದೆಯಿಂದಲೇ ಒಂದು ಬ್ಯಾಕ್ಟೀರಿಯಾವನ್ನು ಹೊತ್ತು ತರುತ್ತದೆ. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಅದರ ಹೆಸರು ಬ್ಯಾಸಿಲಸ್ ಸೀರಿಯಸ್. ಬರ ಬಂದಾಗ ಬೀಜವಾಗಿ ಉಳಿದು ಮಳೆಗೆ ಮೊಳೆಯುವ ಕಳೆಯಂತೆ ಇದು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕವಾಗುತ್ತದೆ. ಅನ್ನ ಬೇಯುವ ಬಿಸಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಸತ್ತರೂ ಬೀಜಕ ಸಾಯುವುದಿಲ್ಲ. ಅನ್ನ ಆರತೊಡಗಿದಾಗ ಅದು ಮೊಳೆಯುತ್ತದೆ, ಬೆಚ್ಚಗಿನ ಅನ್ನದಲ್ಲಿ ಗಂಟೆಗಟ್ಟಲೆ ಬೆಳೆದು ವಿಷ ಬಿಡುತ್ತದೆ.

ವಾಂತಿ ತರಿಸುವ ಈ ವಿಷಕ್ಕೆ ಕುದಿತದ ಭಯವಿಲ್ಲ. ಪ್ರಯೋಗಾಲಯದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಪ್ರೆಶರ್ ಕುಕ್ಕರಿನ ಒಳಗಿನ ಶಾಖಕ್ಕೆ ಹತ್ತಿರದಲ್ಲಿ, ಒಂದೂವರೆ ಗಂಟೆ ಇಟ್ಟರೂ ಅದು ನಾಶವಾಗಿಲ್ಲ. ಅಪ್ಪ ಮರುದಿನ ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟುಹೋದ ವಿಷ ಊಟದಲ್ಲೇ ಉಳಿಯುತ್ತದೆ. ವಾಸನೆಯಿಲ್ಲ, ನೊರೆಯಿಲ್ಲ, ರುಚಿ ಕೆಡುವುದಿಲ್ಲ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ವಾಂತಿಯಾದ ಪ್ರಕರಣಗಳು ಸಾಲಾಗಿ ಬಂದಾಗ ಈ ಸಂಗತಿ ಬೆಳಕಿಗೆ ಬಂತು. ಅಲ್ಲಿನ ಅಡುಗೆಯವರು ಅನ್ನವನ್ನು ರಾಶಿಯಾಗಿ ಬೇಯಿಸಿ, ಫ್ರಿಜ್‌ನಲ್ಲಿಟ್ಟರೆ ಅಂಟಿಕೊಳ್ಳುತ್ತದೆಂದು ಹೊರಗೇ ಬಿಟ್ಟು, ಗಿರಾಕಿ ಬಂದಾಗ ಬಾಣಲೆಯಲ್ಲಿ ಹುರಿದು ಕೊಡುತ್ತಿದ್ದರು. ನಮ್ಮಲ್ಲಿ ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಇದೇ ಕ್ರಮ. ನಿಂಬೆರಸ ಹಿಂಡುವ ಹೊತ್ತಿಗೆ ರಾತ್ರಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಒಂದು ರಾತ್ರಿಯ ಅನ್ನದಿಂದ ಹೆಚ್ಚಿನ ಬೆಳಗುಗಳಲ್ಲಿ ಏನೂ ಆಗುವುದಿಲ್ಲ ಎಂಬುದೂ ನಿಜವೇ. ದಿನ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ, ಅಷ್ಟೆ. 2008ರಲ್ಲಿ ಬೆಲ್ಜಿಯಂನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗಿದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದು ಅದೇ ರಾತ್ರಿ ಸತ್ತ. ಇಂಥದ್ದು ತೀರಾ ಅಪರೂಪ. ಕಾಗದದಲ್ಲಿ ಹೆದರಿಸಲು ಇದನ್ನು ಬಳಸುವುದು ಬೇಡ. ಬಿಸಿ ಮಾಡಿದ್ದರಿಂದ ವಿಷ ಹೋಗಲಿಲ್ಲ ಎಂಬುದನ್ನು ತಿಳಿಯಲು ಮಾತ್ರ ಇದು ಉದಾಹರಣೆ.

ಹೊಸತೊಡಕಿನ ಪಾತ್ರೆಯ ಒಂದು ರಾತ್ರಿ

ಬಾಡಿನ ಸಾರಿನ ಕಥೆ ಸ್ವಲ್ಪ ಬೇರೆ. ಅಲ್ಲಿನ ಜೀವಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದರ ಬೀಜಕವೂ ಕುದಿತವನ್ನು ದಾಟುತ್ತದೆ. ಇದಕ್ಕೆ ಗಾಳಿ ಬೇಡ. ಕುದಿದು ಗಾಳಿ ಹೊರಹೋದ, ಮೇಲೆ ಎಣ್ಣೆಯ ಪದರ ಕಟ್ಟಿದ, ಮುಚ್ಚಳ ಹಾಕಿದ ದೊಡ್ಡ ಪಾತ್ರೆಯ ತಳ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಒಂದು ರಾತ್ರಿಯನ್ನು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಲೀಟರ್ ಸಾರನ್ನು ರಾತ್ರಿ ಒಂಬತ್ತಕ್ಕೆ ಕುದಿಸಿ, ಮುಚ್ಚಿ, ಒಲೆಯ ಮೇಲೇ ಬಿಟ್ಟರು ಎಂದುಕೊಳ್ಳೋಣ. ಬೇಸಿಗೆಯ ಅಡುಗೆಮನೆ, 28 ಡಿಗ್ರಿ. ಅಷ್ಟು ದೊಡ್ಡ ಪಾತ್ರೆ ಬೇಗ ಆರುವುದಿಲ್ಲ. ಹನ್ನೊಂದೂವರೆಯ ಹೊತ್ತಿಗೆ ಸುಮಾರು 60 ಡಿಗ್ರಿಗೆ ಇಳಿಯುತ್ತದೆ, ಒಂದು ಗಂಟೆಗೆ 47ರ ಆಸುಪಾಸು, ಮೂರಕ್ಕೆ 38, ಬೆಳಗಿನ ಆರಕ್ಕೆ 31. ಈ ಬ್ಯಾಕ್ಟೀರಿಯಾಕ್ಕೆ ಅತ್ಯಂತ ಹಿತವಾದುದು 43ರಿಂದ 45 ಡಿಗ್ರಿ. ಆ ಶಾಖದಲ್ಲಿ, ಎಲ್ಲವೂ ಅನುಕೂಲವಾಗಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಅದೇ ವೇಗದಲ್ಲಿ ಮೂರು ಗಂಟೆ ಹೋದರೆ ಎರಡೂವರೆ ಲಕ್ಷ ದಾಟುತ್ತದೆ. ಮನೆಯವರು ಮಲಗಿರುವ ಹೊತ್ತೇ ಅದರ ಸುಗ್ಗಿ.

ಇಲ್ಲಿ ಅಪ್ಪನ ಕುದಿತಕ್ಕೆ ಬೆಲೆಯಿದೆ. ಇದು ವಿಷ ಬಿಡುವುದು ಮುಖ್ಯವಾಗಿ ಕರುಳು ಸೇರಿದ ಮೇಲೆ. ತಿನ್ನುವ ಮುಂಚೆ ಇಡೀ ಸಾರು ತಳದಿಂದ ಮೇಲಿನವರೆಗೆ ಮಗುಚಿ ಕುದಿದರೆ, ರಾತ್ರಿ ಬೆಳೆದದ್ದು ಸಾಯುತ್ತದೆ. ಕಾಗದ ಇದನ್ನು ಬಾಯ್ತುಂಬ ಒಪ್ಪಬೇಕು. ತೊಂದರೆ ಬರುವುದು ಗ್ಯಾಸ್ ಉಳಿಸಲು ಪಾತ್ರೆಯನ್ನು 'ಬೆಚ್ಚಗೆ ಮಾಡಿ' ಇಳಿಸಿದಾಗ. ಅಂಚಿನಲ್ಲಿ ಗುಳ್ಳೆ ಎದ್ದಿರುತ್ತದೆ, ನಡುವಿನ ಬಾಡಿನ ತುಂಡು ಬೆಚ್ಚಗಷ್ಟೇ ಆಗಿರುತ್ತದೆ. ಇನ್ನು, ಸೌಟಿನಿಂದ, ಕೈಯಿಂದ, ಎಂಜಲು ತಾಕಿದ ಚಮಚದಿಂದ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವೂ ಅನ್ನದ ವಿಷದಂತೆ ಕುದಿತಕ್ಕೆ ಜಗ್ಗುವುದಿಲ್ಲ. ಆದ್ದರಿಂದ 'ಕುದಿಸಿದೀನಿ' ಎಂಬುದು ಒಂದು ಅಪಾಯಕ್ಕೆ ಉತ್ತರ, ಇನ್ನೆರಡಕ್ಕೆ ಅಲ್ಲ. ಪಾತ್ರೆಯನ್ನು ಕುದಿಸಿ ಮತ್ತೆ ಅಲ್ಲೇ ಆರಲು ಬಿಟ್ಟರೆ ಇನ್ನೊಂದು ಬೆಚ್ಚನೆಯ ರಾತ್ರಿ ಶುರುವಾಗುತ್ತದೆ.

ಹೊಟ್ಟೆಗೂ ವಯಸ್ಸಾಗುತ್ತದೆ

'ಇಷ್ಟು ವರ್ಷ ಏನೂ ಆಗಲಿಲ್ಲ' ಎಂಬ ಮಾತಿಗೆ ಉತ್ತರ ಸಾರಿನಲ್ಲಿಲ್ಲ, ತಿನ್ನುವವರ ವಯಸ್ಸಿನಲ್ಲಿದೆ. ಹೊಟ್ಟೆಯ ಆಮ್ಲ ಒಳಬರುವ ಬ್ಯಾಕ್ಟೀರಿಯಾಗಳನ್ನು ತಡೆಯುವ ಮೊದಲ ಬಾಗಿಲು. ವಯಸ್ಸಾದ ಅನೇಕರಲ್ಲಿ ಅದು ಕಡಿಮೆಯಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ 'ಗ್ಯಾಸ್ ಮಾತ್ರೆ' ಅದನ್ನು ಇನ್ನೂ ಇಳಿಸುತ್ತದೆ, ಅದರ ಕೆಲಸವೇ ಅದು. ಮೂಗೂ ಮಂಕಾಗುತ್ತದೆ. ಸೊಸೆ ಪಾತ್ರೆಯ ಮುಚ್ಚಳ ತೆಗೆದು ಮುಖ ಸಿಂಡರಿಸುವ ಸಾರು ಮಾವನಿಗೆ ಚೆನ್ನಾಗಿಯೇ ಇದ್ದಂತೆ ತೋರಬಹುದು. ಅವರು ಸುಳ್ಳು ಹೇಳುತ್ತಿರುವುದಿಲ್ಲ.

ವಾಂತಿ ಭೇದಿ ಬಂದರೆ ಆಗುವ ನಷ್ಟವೂ ಬೇರೆ. ಇಪ್ಪತ್ತರವರು ಒಂದು ದಿನ ಮಲಗಿ ಎದ್ದಾರು. ಎಪ್ಪತ್ತೈದರಲ್ಲಿ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರದಲ್ಲಿ ನೀರು ಹೊರಹಾಕುತ್ತಿರುತ್ತವೆ. ನೀರು ಇಳಿದಂತೆ ರಕ್ತದೊತ್ತಡ ಕುಸಿದು ಬಚ್ಚಲಿಗೆ ಹೋಗುವಾಗ ತಲೆಸುತ್ತಿ ಬೀಳುವುದು, ಮೂತ್ರಪಿಂಡಕ್ಕೆ ಪೆಟ್ಟಾಗುವುದು ಇಲ್ಲಿಂದಲೇ. ಒಂಟಿಯಾಗಿರುವವರ ಮನೆಯಲ್ಲಿ ಇದು ಪಕ್ಕದ ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ.

ಕಾಗದದ ಒಳಗೆ

ಒಳ್ಳೆಯ ಕಾಗದ ತಿನ್ನಬೇಡಿ ಎಂದು ಶುರುವಾಗುವುದಿಲ್ಲ. ಅದರ ಮೊದಲ ಪ್ಯಾರಾ ಹೀಗಿರಬಹುದು: 'ಅಪ್ಪಾಜಿ, ನೀವು ಅನ್ನ ಚೆಲ್ಲಬಾರದು ಅಂತ ಕಲಿಸಿದ್ದನ್ನ ನಾನು ಇಲ್ಲೂ ಮರ್ತಿಲ್ಲ. ಚೆಲ್ಲಿ ಅಂತ ಬರೀತಿಲ್ಲ. ಉಳೀದಂಗೆ ಮಾಡೋದು ಹೆಂಗೆ ಅಂತ ಬರೀತಿದೀನಿ.' ಹೀಗೆ ಬರೆದರೆ ಅಪ್ಪನ ತತ್ವ ಅಪ್ಪನ ಬಳಿಯೇ ಉಳಿಯುತ್ತದೆ, ಬದಲಾಗುವುದು ಅಳತೆ ಮಾತ್ರ.

ಅಳತೆಯನ್ನು ಅವರ ಮಾತಿನಲ್ಲೇ ಹೇಳಬೇಕು. ಗ್ರಾಂ ಎಂದರೆ ಯಾರೂ ತೂಗುವುದಿಲ್ಲ. ಒಬ್ಬರಿಗೆ ಒಂದು ದಿನಕ್ಕೆ ಅರ್ಧ ಪಾವು ಅಕ್ಕಿ, ಜೊತೆಗೆ ಮುದ್ದೆ ಇದ್ದರೆ ಇನ್ನೂ ಕಡಿಮೆ ಸಾಕು. ಸಾರಿಗೆ ಹಳೆಯ ಪಾತ್ರೆಯನ್ನು ಅಟ್ಟಕ್ಕೇರಿಸಿ ಒಂದು ಲೀಟರಿನ ಬೋಗುಣಿ ಇಳಿಸಿದರೆ ಕೈಯ ಅಂದಾಜು ತಾನಾಗಿ ಬದಲಾಗುತ್ತದೆ. ಅಟ್ಟದ ಮಾತನ್ನು ಮಗಳು ಹೇಳುವುದಕ್ಕಿಂತ, ಊರಿಗೆ ಬಂದಾಗ ಮಾಡಿಬಿಡುವುದು ಮೇಲು. ಅದೇ ಬೋಗುಣಿಯಲ್ಲಿ ಉಳಿದ ಸಾರನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆಗಾಗ ಕದಡಿದರೆ ಬೇಗ ಆರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ ಸೇರಿತೆಂದರೆ ಮೇಲೆ ಲೆಕ್ಕ ಹಾಕಿದ ರಾತ್ರಿಯೇ ಇರುವುದಿಲ್ಲ. ಬಿಸಿ ಪಾತ್ರೆ ಇಟ್ಟರೆ ಫ್ರಿಜ್ ಕೆಡುತ್ತದೆಂದು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಒಳಗಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದರಿಂದ ಉಪಯೋಗವೇನೂ ಇಲ್ಲ, ರಾತ್ರಿ ಬೆಳೆದದ್ದನ್ನು ತಣ್ಣಗೆ ಕಾಪಾಡಿದಂತೆ ಅಷ್ಟೆ.

ಮೂರು ದಿನದ ಪಾತ್ರೆಗೆ ಬದಲಾಗಿ ಕಾಗದ ಕೇಳಬಹುದಾದ ನಿಯಮ ಇಷ್ಟೆ: ಅನ್ನ ಹೆಚ್ಚೆಂದರೆ ಮರುದಿನಕ್ಕೆ, ಅದೂ ಫ್ರಿಜ್‌ನಲ್ಲಿಟ್ಟಿದ್ದರೆ. ಸಾರು ಎರಡು ದಿನ. ತೆಗೆದಾಗ ಆ ಹೊತ್ತಿಗೆ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ಒಂದೇ ಸಲ, ಚೆನ್ನಾಗಿ ಕುದಿಸುವುದು. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯ ಸಲಹೆಯೂ ಹೆಚ್ಚುಕಡಿಮೆ ಇದೇ. ಅಮೆರಿಕದ ಕೃಷಿ ಇಲಾಖೆ ಫ್ರಿಜ್‌ನಲ್ಲಿಟ್ಟ ಅಡುಗೆಗೆ ಮೂರರಿಂದ ನಾಲ್ಕು ದಿನ ಕೊಡುತ್ತದೆ.

ಇಲ್ಲಿಯೇ ಅಪ್ಪ ಮಗಳನ್ನು ಹಿಡಿಯುವುದು. 'ನೀನು ಭಾನುವಾರ ಬೇಯಿಸಿ ಗುರುವಾರದವರೆಗೂ ತಿಂತೀಯಲ್ಲವ್ವ?' ಹೊರದೇಶದ ಬಹುತೇಕ ಕನ್ನಡ ಮನೆಗಳಲ್ಲಿ ಇದು ನಿಜವೂ ಹೌದು. ಕಾಗದ ಈ ಪ್ರಶ್ನೆ ಬರುವ ಮೊದಲೇ ಉತ್ತರಿಸುವುದು ಜಾಣತನ. ಅಲ್ಲಿ ಸಾರು ಸಣ್ಣ ಡಬ್ಬಿಗಳಿಗೆ ಹಂಚಿಹೋಗಿ ಬೇಗ ತಣ್ಣಗಾಗುತ್ತದೆ, ಐದು ಡಿಗ್ರಿಗಿಂತ ಕೆಳಗೆ ನಿಲ್ಲುತ್ತದೆ, ಕೆಲವು ಡಬ್ಬಿ ಫ್ರೀಜರ್‌ಗೆ ಹೋಗುತ್ತವೆ. ಹಳೆಯದಾದ ದಿನಗಳನ್ನಲ್ಲ, ಬೆಚ್ಚಗಿದ್ದ ಗಂಟೆಗಳನ್ನು ಎಣಿಸಬೇಕು ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಹಾಗೆಂದು ನಾಲ್ಕು ದಿನದ ನಿಯಮ ಅಪ್ಪನಿಗೆ ಹೊಂದುವುದಿಲ್ಲ. ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ವಯಸ್ಸಾದವರನ್ನೇ ಹೆಚ್ಚು ಕಾಡುತ್ತದೆ.

ಹಳ್ಳಿಯಲ್ಲಿ ಕರೆಂಟಿನ ಪ್ರಶ್ನೆಯೂ ಇದೆ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಕರೆಂಟು ಅದಕ್ಕಿಂತ ಹೆಚ್ಚು ಹೊತ್ತು ಹೋದ ದಿನ ಒಳಗಿದ್ದ ಬಾಡಿನ ಸಾರು, ಅನ್ನ ಹೊರಗಿದ್ದ ಲೆಕ್ಕಕ್ಕೇ ಬರುತ್ತವೆ. ರಾತ್ರಿಯೆಲ್ಲ ಕರೆಂಟು ಹೋಗಿ ಬಂದದ್ದು ತಿಳಿಯಲು ಒಂದು ಉಪಾಯವುಂಟು: ಫ್ರೀಜರ್‌ನಲ್ಲಿ ಒಂದು ಲೋಟ ನೀರನ್ನು ಮಂಜುಗಡ್ಡೆ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಡುವುದು. ನಾಣ್ಯ ಒಳಗೆ ಮುಳುಗಿ ಹೆಪ್ಪುಗಟ್ಟಿದ್ದರೆ ನಡುವೆ ಕರಗಿತ್ತು ಎಂದರ್ಥ.

ಉಳಿದೇ ಉಳಿದರೆ

ಎಷ್ಟು ಅಳೆದರೂ ಒಂದು ಹಿಡಿ ಉಳಿಯುತ್ತದೆ. ಅದಕ್ಕೆ ಹಳ್ಳಿಯಲ್ಲಿ ಜಾಗ ಮೊದಲಿನಿಂದಲೂ ಇದೆ: ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಯ ಜೊತೆ ಒಂದು ಹಿಡಿ ಅನ್ನ ಹಸುವಿಗೆ ಹೋದರೆ ಚೆಲ್ಲಿದಂತಾಗುವುದಿಲ್ಲ. ಬಾನಿ ಪಕ್ಕದ ಮನೆಯದಾದರೂ ನಡೆಯುತ್ತದೆ. ಎರಡು ಎಚ್ಚರಿಕೆ ಮಾತ್ರ ಬೇಕು. ಹಬ್ಬದ ಮರುದಿನ ತಪ್ಪಲೆಗಟ್ಟಲೆ ಅನ್ನವನ್ನು ಒಮ್ಮೆಗೇ ಸುರಿದರೆ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರಿ ಅದು ಸಾಯುವುದೂ ಉಂಟು, ಪಶುವೈದ್ಯರಿಗೆ ಇದು ಹೊಸ ಸುದ್ದಿಯಲ್ಲ. ಬೂಷ್ಟು ಹಿಡಿದದ್ದನ್ನಂತೂ ದನಕ್ಕೂ ಹಾಕಬಾರದು, ಅದು ತಿಪ್ಪೆಗೆ.

ಕಾಗದದಲ್ಲಿ ಮುಟ್ಟದೆ ಬಿಡಬೇಕಾದವೂ ಇವೆ. ಉಪ್ಪಿನಕಾಯಿ, ಚಟ್ನಿಪುಡಿ, ಹುರಿಹಿಟ್ಟು, ಸಂಡಿಗೆ ಉಪ್ಪು, ಹುಳಿ ಅಥವಾ ಒಣತನದಿಂದ ಉಳಿಯುವಂಥವು. ಅವುಗಳ ಮೇಲೂ ದಿನಾಂಕ ಬರೆಯಿರಿ ಎಂದರೆ ಅಪ್ಪ ನಗುತ್ತಾರೆ, ಆ ನಗುವಿನಲ್ಲಿ ಉಳಿದ ಮಾತೂ ತೇಲಿಹೋಗುತ್ತದೆ. ಹುಳಿ ಅಂಬಲಿಗೂ ಮಜ್ಜಿಗೆ ಮುದ್ದೆಗೂ ಒಂದು ರಾತ್ರಿಯ ಮಟ್ಟಿಗೆ ಅಡ್ಡಿ ಹೇಳಬೇಕಾಗಿಲ್ಲ.

ಕೊನೆಯ ಪ್ಯಾರಾ ಅಪ್ಪನಿಗಷ್ಟೇ ಅಲ್ಲ, ಪಕ್ಕದ ಮನೆಯವರಿಗೂ ತಿಳಿದಿರಬೇಕಾದದ್ದು. ಅನ್ನದ ವಿಷವಾದರೆ ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಬಾಡಿನ ಸಾರಿನದಾದರೆ ಸಾಮಾನ್ಯವಾಗಿ ಎಂಟು ಗಂಟೆಯ ಮೇಲೆ ಹೊಟ್ಟೆನೋವು, ಭೇದಿ. ಹಾಗಾಗಿ ಮಧ್ಯಾಹ್ನದ ಊಟದ ತಪ್ಪನ್ನು ರಾತ್ರಿಯ ಊಟದ ಮೇಲೆ ಹೊರಿಸುವುದು ಸಾಮಾನ್ಯ. ವಾಂತಿ ಭೇದಿ ಶುರುವಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬೇಕು, ಚಮಚಗಳು ಮಟ್ಟವಾಗಿರಬೇಕು. ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಮೇಲು. ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಕುಡಿದದ್ದು ನಿಲ್ಲದಿದ್ದರೆ, ಆರು ಗಂಟೆಗೂ ಹೆಚ್ಚು ಹೊತ್ತು ಮೂತ್ರವಾಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಾತು ತಡವರಿಸಿದರೆ ಬೆಳಗಾಗುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ದಿನವೂ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ಚೀಲ ಜೊತೆಗಿರಲಿ. ನೀರು ಇಳಿದಾಗ ಅವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ವೈದ್ಯರು ಮೊದಲು ನೋಡುತ್ತಾರೆ.